ಪದಚರ್ಚೆ: ‘ರೇಲಿ ಕೋಷಂಟ್’ಗೆ ಕನ್ನಡದಲ್ಲಿ ಏನನ್ನೋಣ? (ತುರ್ತು)

ಎಸ್. ಎನ್. ಬರೆದದ್ದು:

ಎಲ್ಲರಿಗೂ ನಮಸ್ಕಾರ. ಪದವಿ ತರಗತಿಯ ಗಣಿತ ಪುಸ್ತಕವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದು ಚಿತ್ರದ ಅಡಿಬರಹವನ್ನು ಇವತ್ತು ಸಂಜೆಯೊಳಗೆ ಕಳಿಸಬೇಕು. A ಸಮಮಿತ ಮಾತೃಕೆ, x ಸೊನ್ನೆಯಲ್ಲದ ಸದಿಶ. xᵀAx ಅನ್ನು xᵀx ನಿಂದ ಭಾಗಿಸಿದರೆ ಬರುವುದಕ್ಕೆ ಯಾವ ಪದ ಬಳಸಲಿ? ಸದ್ಯಕ್ಕೆ ಬರೆದಿರುವುದು ಹೀಗೆ: “ರೇಲಿ ಭಾಗಲಬ್ಧವು ಕನಿಷ್ಠ ಐಗನ್ ಮೌಲ್ಯಕ್ಕೆ ಕೆಳಮಿತಿಯನ್ನೂ ಗರಿಷ್ಠ ಐಗನ್ ಮೌಲ್ಯಕ್ಕೆ ಮೇಲ್ಮಿತಿಯನ್ನೂ ಕೊಡುತ್ತದೆ.”

ಜಿ. ವಿ.:

ಭಾಗಲಬ್ಧ ಬೇಡವೇ ಬೇಡ. 7ನ್ನು 2ರಿಂದ ಭಾಗಿಸಿದರೆ ಭಾಗಲಬ್ಧ 3, ಶೇಷ 1. ಇಲ್ಲಿ ಶೇಷದ ಮಾತೆಲ್ಲಿದೆ? ಎರಡು ವರ್ಗರೂಪಗಳನ್ನು ಹೋಲಿಸುತ್ತಿದ್ದೇವೆ, ‘ನಿಷ್ಪತ್ತಿ’ ಅನ್ನಿ. ‘ಸಮಮಿತ’ವನ್ನೂ ಕೈಬಿಡಬಹುದು, ಯಾವ ಚೌಕ ಮಾತೃಕೆಗೂ ಇದು ಸಲ್ಲುತ್ತದೆ. ಅಡಿಬರಹ ಚಿಕ್ಕದಾದಷ್ಟೂ ಒಳ್ಳೆಯದು.

ಕೆ. ಬಿ.:

ನಿಷ್ಪತ್ತಿ ಅಂದರೆ ಪದದ ಹುಟ್ಟು. ವ್ಯಾಕರಣದಲ್ಲಿ ಆಗಲೇ ಕೂತಿರುವ ಪದವನ್ನು ಎಬ್ಬಿಸಿ ಗಣಿತಕ್ಕೆ ಯಾಕೆ ಕಳಿಸುತ್ತೀರಿ? ಐಗನ್ ಎಂಬುದೂ ಜರ್ಮನ್, ಅರ್ಥ ‘ತನ್ನ’. ‘ತನ್ಬೆಲೆ’ ಅಂದರೆ ಮುಗಿಯಿತು. ಭಾಗಿಸಿದ್ದಕ್ಕೆ ‘ಪಾಲು’ ಇದೆ: ‘ರೇಲಿ ಪಾಲು’.

ಆರ್. ಎಚ್.:

ಪದ ಆಮೇಲೆ ನೋಡೋಣ. ಎಸ್. ಎನ್. ಮೇಡಂ, ನಿಮ್ಮ ವಾಕ್ಯದಲ್ಲಿ ಮಿತಿಗಳೇ ತಿರುಗುಮುರುಗಾಗಿವೆ, ಹಾಗೇ ಅಚ್ಚಾಗಬಾರದು. ಸಮಮಿತ ಮಾತೃಕೆಯ ಐಗನ್ ಸದಿಶಗಳನ್ನು ಒಂದಕ್ಕೊಂದು ಲಂಬವಾಗಿ ಆರಿಸಿಕೊಳ್ಳಬಹುದು. x ಅನ್ನು ಅವುಗಳ ಮೇಲೆ ಬಿಡಿಸಿ ಬರೆದರೆ ಈ ನಿಷ್ಪತ್ತಿ ಐಗನ್ ಮೌಲ್ಯಗಳ ತೂಕದ ಸರಾಸರಿಯಾಗಿಬಿಡುತ್ತದೆ. ತೂಕಗಳು ಘಟಕಗಳ ವರ್ಗಗಳಾದ್ದರಿಂದ ಋಣವಾಗುವುದಿಲ್ಲ. ಸರಾಸರಿ ಯಾವಾಗಲೂ ಕನಿಷ್ಠಕ್ಕೂ ಗರಿಷ್ಠಕ್ಕೂ ನಡುವೆಯೇ ಇರುತ್ತದೆ. ಹಾಗಾಗಿ ಯಾವುದೇ x ಹಾಕಿ ತೆಗೆದ ಬೆಲೆ ಕನಿಷ್ಠ ಐಗನ್ ಮೌಲ್ಯಕ್ಕೆ *ಮೇಲ್ಮಿತಿ*, ಗರಿಷ್ಠದ್ದಕ್ಕೆ *ಕೆಳಮಿತಿ*.

ಲೆಕ್ಕ ಹಾಕಿಯೇ ನೋಡಿ. A ಯ ಸಾಲುಗಳು (2, 1) ಮತ್ತು (1, 3). ಐಗನ್ ಮೌಲ್ಯಗಳು ಸುಮಾರು 1.382 ಮತ್ತು 3.618. x = (1, 2) ಹಾಕಿದರೆ ಮೇಲೆ 18, ಕೆಳಗೆ 5, ಬೆಲೆ 3.6. x = (2, −1) ಹಾಕಿದರೆ 7/5, ಅಂದರೆ 1.4. ದೊಡ್ಡದನ್ನು ಕೆಳಗಿನಿಂದ ಮುಟ್ಟಲು ಹೋದೆವು, ಚಿಕ್ಕದನ್ನು ಮೇಲಿನಿಂದ. (1, 2) ನಿಜವಾದ ಐಗನ್ ಸದಿಶದಿಂದ ಸುಮಾರು 5 ಡಿಗ್ರಿ ಓರೆಯಾಗಿದೆ, ಆದರೂ ಬೆಲೆಯಲ್ಲಿ ತಪ್ಪಿರುವುದು 0.018 ಮಾತ್ರ. ಓರೆ ಸಣ್ಣದಿದ್ದಾಗ ತಪ್ಪು ಅದರ ವರ್ಗದ ಪ್ರಮಾಣದಲ್ಲಿ ಇಳಿಯುತ್ತದೆ. ಈ ನಿಷ್ಪತ್ತಿಗೆ ಇಷ್ಟು ಬೆಲೆ ಬಂದಿರುವುದೇ ಅದರಿಂದ.

ಜಿ. ವಿ. ಸಾರ್, ‘ಸಮಮಿತ’ವನ್ನು ಮುಟ್ಟಬೇಡಿ. ಸಾಲುಗಳು (1, 4) ಮತ್ತು (0, 1) ಇರುವ ಮಾತೃಕೆಗೆ ಐಗನ್ ಮೌಲ್ಯ 1 ಒಂದೇ. x = (1, 1) ಹಾಕಿ: 6/2, ಅಂದರೆ 3. ಎಲ್ಲಿಯ ಮಿತಿ?

ಜಿ. ವಿ.:

ಲೆಕ್ಕ ಸರಿ, ಒಪ್ಪಿದೆ. ಅಂದರೆ xᵀAx ಗೆ ಮಾತೃಕೆಯ ಸಮಮಿತ ಭಾಗ ಮಾತ್ರ ಕಾಣುತ್ತದೆ. ಆ ಭಾಗದ ಐಗನ್ ಮೌಲ್ಯಗಳು 3 ಮತ್ತು −1, ನಿಮಗೆ ಬಂದ 3 ಅದರದ್ದು. ‘ನಿಷ್ಪತ್ತಿ’ಯನ್ನು ಮಾತ್ರ ಬಿಡುವುದಿಲ್ಲ.

ಎಂ. ಪಿ.:

ನಾನು ಕಟ್ಟಡಗಳ ಕಂಪನದ ಲೆಕ್ಕ ಮಾಡುವವನು. ನಮ್ಮಲ್ಲಿ ಕೆಳಗೆ xᵀx ಬರುವುದೇ ಇಲ್ಲ, ದ್ರವ್ಯರಾಶಿಯ ಮಾತೃಕೆ ಸೇರಿ xᵀMx ಬರುತ್ತದೆ, ಮೇಲೆ ಬಿಗಿತದ ಮಾತೃಕೆ ಸೇರಿ xᵀKx. ಬಾಗುವ ಆಕಾರವನ್ನು ಊಹಿಸಿ ಹಾಕಿದರೆ ಆವರ್ತನದ ವರ್ಗ ಸಿಗುತ್ತದೆ, ಅದು ನಿಜವಾದ ಕನಿಷ್ಠಕ್ಕಿಂತ ಯಾವತ್ತೂ ಕಡಿಮೆ ಬರುವುದಿಲ್ಲ. ನಾವು ಇದನ್ನು ‘ರೇಲಿ ಆವರ್ತನ’ ಅಂತಲೇ ಕರೆಯುತ್ತೇವೆ, ಅಡಿಬರಹಕ್ಕೂ ಅದನ್ನೇ ಹಾಕಿ.

ಆರ್. ಎಚ್.:

ಅದು ಒಂದು ಬಳಕೆಯ ಹೆಸರು, ಇಲ್ಲಿಗೆ ಹೊಂದುವುದಿಲ್ಲ. ಮಿತಿಯ ಬಗ್ಗೆ ಹೇಳಿದ್ದು ಸರಿ, M ಧನನಿಶ್ಚಿತವಾಗಿರಬೇಕು ಅಷ್ಟೇ.

ಕೆ. ಬಿ.:

ಧನನಿಶ್ಚಿತ, ಸಮಮಿತ, ಸದಿಶ, ನಿಷ್ಪತ್ತಿ! ಇದರಲ್ಲಿ ಕನ್ನಡ ಎಲ್ಲಿದೆ? ಓದುವ ಹುಡುಗರಿಗೆ ಇಂಗ್ಲಿಷ್ ಎಷ್ಟು ದೂರವೋ ಇವೂ ಅಷ್ಟೇ ದೂರ.

ಜಿ. ವಿ.:

‘ತನ್ಬೆಲೆ’ ಯಾರಿಗೆ ಹತ್ತಿರ? ನಾಳೆ ಅದೇ ಹುಡುಗ ಬೇರೆ ಪುಸ್ತಕ ತೆರೆದರೆ ‘ಐಗನ್’ ಎದುರಾಗುತ್ತದೆ. ಎರವಲು ಪದ ಬೇರೂರಿದ ಮೇಲೆ ಕಿತ್ತುಹಾಕಬಾರದು.

ಕೆ. ಬಿ.:

ಬೇರೂರಿಲ್ಲ, ಹೇರಿದ್ದು.

ಎಸ್. ಎನ್.:

ಆರ್. ಎಚ್. ಸಾರ್, ಹಿಡಿದು ನಿಲ್ಲಿಸಿದ್ದಕ್ಕೆ ತುಂಬ ಧನ್ಯವಾದ. ಕಳಿಸುತ್ತಿರುವುದು ಇದು: “A ಸಮಮಿತವಾಗಿದ್ದರೆ, ಯಾವುದೇ x ಗೆ ರೇಲಿ ನಿಷ್ಪತ್ತಿಯು ಕನಿಷ್ಠ ಐಗನ್ ಮೌಲ್ಯಕ್ಕಿಂತ ಕಡಿಮೆಯಾಗದು, ಗರಿಷ್ಠ ಐಗನ್ ಮೌಲ್ಯವನ್ನು ಮೀರದು.” ‘ಮಿತಿ’ ಪದವನ್ನೇ ತೆಗೆದಿದ್ದೇನೆ. ಕೆ. ಬಿ. ಅವರೇ, ‘ತನ್ಬೆಲೆ’ಯನ್ನು ಪದಪಟ್ಟಿಯಲ್ಲಿ ಪರ್ಯಾಯವಾಗಿ ಕೊಡಲು ಕೇಳುತ್ತೇನೆ, ಒಪ್ಪುವುದು ಬಿಡುವುದು ಸಂಪಾದಕರಿಗೆ ಬಿಟ್ಟದ್ದು.

ಕೆ. ಬಿ.:

ಪರ್ಯಾಯ ಯಾಕೆ? ಮೊದಲು ಅದನ್ನೇ ಕೊಡಿ.