ಪದಚರ್ಚೆ: ‘ರಾಗ ಒಂದೇ, ತಾಳ ಬೇರೆ’ ಅಂದರೆ ಏನು?

ಹೊಸಕಿವಿ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಆರು ತಿಂಗಳಿಂದ ಕರ್ನಾಟಕ ಸಂಗೀತ ಕೇಳುತ್ತಿದ್ದೇನೆ. ಹಾಡಲು ಕಲಿಯುತ್ತಿಲ್ಲ, ಸುಮ್ನೆ ಕೇಳುತ್ತೇನೆ. ಈಗ ಎರಡು ಪದಗಳ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ.

‘ಈ ಹಾಡಿನ ರಾಗ ಚೆನ್ನಾಗಿದೆ’ ಅಂತ ನಾವೆಲ್ಲ ಹೇಳುತ್ತೇವೆ. ಅಲ್ಲಿ ರಾಗ ಅಂದರೆ ಧಾಟಿ, ಅಲ್ವಾ? ಆದರೆ ಮೊನ್ನೆ ಅಕ್ಕನ ಮಗಳು ‘ಶ್ರೀ ಗಣನಾಥ’ ಮತ್ತು ‘ಕೆರೆಯ ನೀರನು’ ಒಂದರ ಹಿಂದೆ ಒಂದು ಹಾಡಿ, ‘ಎರಡೂ ಒಂದೇ ರಾಗ, ತಾಳ ಮಾತ್ರ ಬೇರೆ’ ಅಂದಳು. ಎರಡರ ಧಾಟಿ ಬೇರೆ ಅನ್ನುವುದು ನನ್ನ ಕಿವಿಗೂ ಗೊತ್ತಾಗುತ್ತದೆ. ಮತ್ತೆ ರಾಗ ಹೇಗೆ ಒಂದೇ? ತಾಳ ಅಂದರೆ ವೇಗ ಅಂದುಕೊಂಡಿದ್ದೆ. ಅವಳು ಎರಡನ್ನೂ ಒಂದೇ ವೇಗದಲ್ಲಿ ಹಾಡಿದಳು. ಹಾಗಾದರೆ ಬೇರೆ ಆಗಿದ್ದು ಏನು?

ಗಾನಪ್ರಿಯ:

ತುಂಬಾ ಸುಲಭ. ರಾಗ ಅಂದರೆ ಸ್ವರಗಳ ಪಟ್ಟಿ, ಅದೇ ಆರೋಹಣ ಅವರೋಹಣ. ತಾಳ ಅಂದರೆ ಮೃದಂಗ. ಹಾಡುವವರದು ರಾಗ, ಬಾರಿಸುವವರದು ತಾಳ. ಇದಕ್ಕಿಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

ಕಂಚುಗಾರ:

ನಮ್ಮ ಭಜನೆಯಲ್ಲಿ ತಾಳ ನನ್ನ ಕೈಯಲ್ಲೇ ಇರುತ್ತದೆ. ಜೋಡಿ ತಾಳದಲ್ಲಿ ಒಂದು ಸ್ವಲ್ಪ ಸೀಳಿದೆ, ನಾದ ಒಡೆದಂತೆ ಬರುತ್ತದೆ. ಎರಡೂ ತಾಳ ಬೇರೆ ಬೇರೆ ನಾದ ಕೊಟ್ಟರೆ ರಾಗ ಕೆಡುತ್ತಾ ಅಂತ ನೀವು ಕೇಳುತ್ತಿದ್ದೀರಿ ಅಂದುಕೊಂಡೆ. ನನ್ನ ಅನುಭವದಲ್ಲಿ ಹಾಡುವವರಿಗೆ ಕಿರಿಕಿರಿ ಆಗುತ್ತದೆ.

ತಂಬೂರಿ:

ಕಂಚುಗಾರರೇ, ಪ್ರಶ್ನೆ ಬಡಿಯುವ ತಾಳದ್ದಲ್ಲ, ಎಣಿಸುವ ತಾಳದ್ದು. ಗಾನಪ್ರಿಯರ ಮಾತು ಅರ್ಧ ಸರಿ. ಯಾವ ಅರ್ಧ ಅಂತ ಆಮೇಲೆ ಹೇಳುತ್ತೇನೆ. ಮೊದಲು ಆ ಎರಡು ಗೀತೆಗಳನ್ನೇ ಹಿಡಿಯೋಣ. ಕಲಿಯುವ ಮಕ್ಕಳಿಗೆ ಎರಡನ್ನೂ ಶುರುವಿನಲ್ಲೇ ಹೇಳಿಕೊಡುತ್ತಾರೆ. ಎರಡೂ ಪುರಂದರದಾಸರ ಹೆಸರಿನಲ್ಲಿವೆ, ಎರಡೂ ಮಲಹರಿ ರಾಗ.

‘ಶ್ರೀ ಗಣನಾಥ’ದ ಸ್ವರ ಹೀಗೆ ಹೊರಡುತ್ತದೆ:

ಮ ಪ | ದ ಸ ಸ ರಿ || ರಿ ಸ | ದ ಪ ಮ ಪ ||

ಎಣಿಸಿ ನೋಡಿ. ಎರಡು, ಆಮೇಲೆ ನಾಲ್ಕು. ಆರು ಎಣಿಕೆಗೆ ಒಂದು ಸುತ್ತು ಮುಗಿದು ಮತ್ತೆ ಮೊದಲಿಂದ ಶುರು. ಇದು ರೂಪಕ ತಾಳ. ‘ಕೆರೆಯ ನೀರನು’ ಹೊರಡುವುದು ಹೀಗೆ:

ದ ಸ ಸ | ದ ಪ | ಮ ಪ ||

ಮೂರು, ಎರಡು, ಎರಡು. ಏಳು ಎಣಿಕೆಗೆ ಒಂದು ಸುತ್ತು. ಇದು ತ್ರಿಪುಟ ತಾಳ. ವೇಗ ಒಂದೇ ಆಗಿದ್ದರೂ ನಿಮಗೆ ಬೇರೆ ಅನ್ನಿಸಿದ್ದಕ್ಕೆ ಇದೂ ಒಂದು ಕಾರಣ. ಆರರ ಸುತ್ತು ಸಮವಾಗಿ ಕೂರುತ್ತದೆ. ಏಳರ ಸುತ್ತಿನಲ್ಲಿ ಒಂದು ಕಾಲು ಉದ್ದ ಇದ್ದ ಹಾಗೆ, ಪ್ರತಿ ಸಲ ಸ್ವಲ್ಪ ವಾಲುತ್ತದೆ. ವೇಗಕ್ಕೆ ನಮ್ಮಲ್ಲಿ ಬೇರೆಯೇ ಪದ ಇದೆ, ಲಯ. ರೂಪಕವನ್ನು ನಿಧಾನವಾಗಿ ಎಣಿಸಿದರೂ ರೂಪಕವೇ, ಚುರುಕಾಗಿ ಎಣಿಸಿದರೂ ರೂಪಕವೇ.

ಇನ್ನು ರಾಗ. ಗಣನಾಥದ ಮುಂದಿನ ಸಾಲು, ‘ಕರುಣಾ ಸಾಗರ ಕರಿವದನ’ ಬರುವ ಕಡೆ:

ರಿ ಮ | ಪ ದ ಮ ಪ || ದ ಪ | ಮ ಗ ರಿ ಸ ||

ಇಲ್ಲಿ ‘ಗ’ ಎಲ್ಲಿದೆ ನೋಡಿ. ಮೇಲೆ ಹತ್ತುವಾಗ ರಿ ಆದ ಮೇಲೆ ನೇರ ಮ. ಗ ಇಲ್ಲ. ಇಳಿಯುವಾಗ ಮಾತ್ರ ‘ಮ ಗ ರಿ ಸ’. ‘ನಿ’ ಅಂತೂ ಹತ್ತುವಾಗಲೂ ಇಲ್ಲ, ಇಳಿಯುವಾಗಲೂ ಇಲ್ಲ. ಕೆರೆಯ ನೀರಿನ ಧಾಟಿ ಬೇರೆ ದಾರಿ ಹಿಡಿದರೂ ಈ ಕಟ್ಟು ಮೀರುವುದಿಲ್ಲ. ಹಾಗಾಗಿ ಧಾಟಿ ಒಂದು ಹಾಡಿಗೆ ಸೇರಿದ್ದು. ರಾಗ ಯಾವ ಹಾಡಿಗೂ ಸೇರಿದ್ದಲ್ಲ, ಅದರೊಳಗೆ ಎಷ್ಟು ಧಾಟಿ ಬೇಕಾದರೂ ಹುಟ್ಟಬಹುದು.

ಒಂದು ಪರೀಕ್ಷೆ ಮಾಡಿ. ಅಕ್ಕನ ಮಗಳಿಗೆ ಆ ಸಾಲನ್ನು ‘ರಿ ಗ ಮ ಪ’ ಅಂತ ಹತ್ತಿ ಹಾಡಲು ಹೇಳಿ. ಶ್ರುತಿ ಸರಿ ಇರುತ್ತದೆ, ತಾಳವೂ ಸರಿ ಹೊಂದಿಸಬಹುದು. ಆದರೂ ಅವಳ ಮೇಷ್ಟ್ರು ತಕ್ಷಣ ನಿಲ್ಲಿಸುತ್ತಾರೆ. ತಪ್ಪಿದ್ದು ರಾಗ.

ಈಗ ಗಾನಪ್ರಿಯರಿಗೆ. ಸ್ವರಪಟ್ಟಿಯೇ ರಾಗ ಆಗಿದ್ದರೆ ಆರಭಿಗೂ ದೇವಗಾಂಧಾರಿಗೂ ಎರಡು ಹೆಸರು ಬೇಕಿರಲಿಲ್ಲ. ಎರಡರ ಆರೋಹಣ ಅವರೋಹಣ ಒಂದೇ. ಆದರೆ ಆರಭಿ ಚುರುಕಾಗಿ, ಸ್ವರಗಳನ್ನು ಹೆಚ್ಚು ಅಲುಗಿಸದೆ ನಡೆಯುತ್ತದೆ. ದೇವಗಾಂಧಾರಿಯಲ್ಲಿ ಅವೇ ಸ್ವರಗಳು ಉದ್ದಕ್ಕೆ ನಿಂತು ತೂಗುತ್ತವೆ. ಪಟ್ಟಿ ಬೇಕು, ಸಾಲದು.

ಇನ್ನು ಮೃದಂಗ ತಾಳ ಅಲ್ಲ. ತಾಳ ಇರುವುದು ಹಾಡುವವರ ಕೈಯಲ್ಲಿ, ತೊಡೆಯ ಮೇಲೆ. ಕಛೇರಿಯಲ್ಲಿ ಎರಡು ಹೊತ್ತು ಗಮನಿಸಿ. ಆಲಾಪನೆ ನಡೆಯುವಾಗ ಮೃದಂಗದವರು ಸುಮ್ಮನೆ ಕೂತಿರುತ್ತಾರೆ, ಹಾಡುವವರ ಕೈಯೂ ಎಣಿಸುವುದಿಲ್ಲ. ಅಲ್ಲಿ ರಾಗ ಇದೆ, ತಾಳ ಇಲ್ಲ. ಮೃದಂಗದಂಥ ತಾಳವಾದ್ಯಗಳಷ್ಟೇ ನುಡಿಯುವ ತನಿ ಆವರ್ತನದಲ್ಲಿ ಹಾಡು ನಿಂತಿರುತ್ತದೆ, ಆದರೆ ಹಾಡುವವರ ಕೈ ತಾಳ ಹಾಕುತ್ತಲೇ ಇರುತ್ತದೆ. ಅಲ್ಲಿ ತಾಳ ಇದೆ, ರಾಗ ಇಲ್ಲ. ತನಿ ಶುರುವಾದ ಕೂಡಲೇ ಜನ ಎದ್ದು ಹೋಗುತ್ತಾರಲ್ಲ, ಅದು ನನಗೆ ಇವತ್ತಿಗೂ ಬೇಜಾರು.

ಖಾಲಿಜಾಗ:

ಗಾನಪ್ರಿಯರ ಪರವಾಗಿ ಒಂದು ಮಾತು. ನಾನು ಹಿಂದುಸ್ತಾನಿ ಕೇಳುವವನು. ನಮ್ಮಲ್ಲಿ ‘ತಬಲಾ ಕೇಳಿದರೆ ತಾಳ ಗೊತ್ತಾಗುತ್ತದೆ’ ಅನ್ನುವುದು ನಿಜ. ಪ್ರತಿ ತಾಳಕ್ಕೂ ಒಂದು ಠೇಕಾ ಇದೆ, ತಬಲಾ ಅದನ್ನೇ ನುಡಿಸುತ್ತಾ ಇರುತ್ತದೆ. ತೀನ್‌ತಾಲದ 16 ಮಾತ್ರೆಯಲ್ಲಿ 9ನೆಯದು ಖಾಲಿ. ಆ ಹೊತ್ತಿಗೆ ‘ಧಿನ್’ ಹೋಗಿ ‘ತಿನ್’ ಬರುತ್ತದೆ, ಎಡಗೈ ಡಗ್ಗದ ಗುಂಯ್ ಅನ್ನುವ ದನಿ ಸ್ವಲ್ಪ ಹೊತ್ತು ನಿಂತು ಹೋಗುತ್ತದೆ. ಯಾರ ಕೈಯನ್ನೂ ನೋಡದೆ ಕಣ್ಣು ಮುಚ್ಚಿಕೊಂಡೇ ‘ಅರ್ಧ ಸುತ್ತು ಆಯಿತು’ ಅಂತ ಹೇಳಬಹುದು. ಮೃದಂಗದವರಿಗೆ ಹಾಗೆ ಒಂದೇ ಪಾಠ ನುಡಿಸುವ ಕಟ್ಟು ಇಲ್ಲ, ಅವರು ಹಾಡಿನ ಜೊತೆ ಹೋಗುತ್ತಾರೆ. ಹಾಗಾಗಿ ‘ಬಾರಿಸುವವರದು ತಾಳ’ ಅನ್ನುವ ಮಾತು ಅಲ್ಲಿ ತಪ್ಪು, ಇಲ್ಲಿ ಅಷ್ಟೇನೂ ತಪ್ಪಲ್ಲ.

ಹೊಸಕಿವಿ:

ಎಲ್ಲರಿಗೂ ಥ್ಯಾಂಕ್ಸ್. ‘ರಿ ಗ ಮ ಪ’ ಪರೀಕ್ಷೆ ಮಾಡಿಸಿದೆ. ಅವಳೇ ಅರ್ಧಕ್ಕೆ ನಿಲ್ಲಿಸಿ ಮುಖ ಸಿಂಡರಿಸಿದಳು! ಕಾರಣ ಕೇಳಿದರೆ ‘ಇದು ಮಲಹರಿ ಅಲ್ಲ’ ಅಂದಳು. ನನಗೆ ಅಷ್ಟು ಸ್ಪಷ್ಟವಾಗಿ ಗೊತ್ತಾಗಲಿಲ್ಲ, ಏನೋ ತಟ್ಟಂತ ಎಡವಿದ ಹಾಗೆ ಕೇಳಿಸಿತು, ಅಷ್ಟೇ.

ತಾಳದಲ್ಲಿ ಮಾತ್ರ ಮಾನ ಹೋಯಿತು. ಒಂದು ಕಛೇರಿಗೆ ಹೋಗಿದ್ದೆ. ಆದಿತಾಳ ಅಂತ ಹೇಳಿದರು. ಎಂಟು ಎಣಿಕೆ ಅಂತ ಓದಿಕೊಂಡಿದ್ದೆ. ಪಲ್ಲವಿಯ ಮೊದಲ ಪದಕ್ಕೆ ಸರಿಯಾಗಿ ತೊಡೆಗೆ ಪೆಟ್ಟು ಹಾಕಿ ಶುರುಮಾಡಿದೆ. ಎರಡು ಸುತ್ತು ಚೆನ್ನಾಗೇ ಹೋಯಿತು. ಆಮೇಲೆ ನೋಡಿದರೆ ಪಕ್ಕದವರ ಕೈ ಕೆಳಗೆ ಬರುವಾಗ ನನ್ನ ಕೈ ಮೇಲೆ! ಅವರು ಒಮ್ಮೆ ನನ್ನ ತೊಡೆ ನೋಡಿದರು. ಕೈ ಮಡಚಿ ಕೂತೆ. ನಾನು ವೇಗ ತಪ್ಪಿದ್ದೆನಾ?

ತಂಬೂರಿ:

ವೇಗ ತಪ್ಪಿಲ್ಲ ಅನ್ನಿಸುತ್ತೆ. ಶುರುಮಾಡಿದ ಜಾಗವೇ ತಪ್ಪು. ಹಾಡು ತಾಳದ ಮೊದಲ ಪೆಟ್ಟಿಗೇ ಏಳಬೇಕು ಅಂತ ಇಲ್ಲ. ಪೆಟ್ಟು ಬಿದ್ದು ಅರ್ಧ ಎಣಿಕೆ ಕಳೆದ ಮೇಲೆ ಎತ್ತಿಕೊಳ್ಳುವ ಕೃತಿಗಳು ಬೇಕಾದಷ್ಟಿವೆ. ಒಂದೂವರೆ ಎಣಿಕೆ ಬಿಟ್ಟು ಏಳುವುದೂ ಇದೆ. ಹಾಡು ಏಳುವ ಆ ಜಾಗಕ್ಕೆ ಎಡುಪು ಅನ್ನುತ್ತಾರೆ. ನೀವು ಎಡುಪನ್ನೇ ಮೊದಲ ಪೆಟ್ಟು ಅಂದುಕೊಂಡಿರಿ. ಅವರ ಕೈ ಕೆಳಗಿದ್ದಾಗ ನಿಮ್ಮದು ಮೇಲಿತ್ತು ಅಂದರೆ ನೀವು ಅರ್ಧ ಎಣಿಕೆಯಷ್ಟು ಹಿಂದಿದ್ದೀರಿ. ಕಡೇ ತನಕ ಎಣಿಸಿದ್ದರೂ ಹಾಗೇ ಹಿಂದೆಯೇ ಉಳಿಯುತ್ತಿದ್ದಿರಿ.

ಮುಂದಿನ ಸಲ ಪದಕ್ಕೆ ಕಾಯಬೇಡಿ, ಬೆರಳಿಗೆ ಕಾಯಿರಿ. ಆದಿತಾಳದಲ್ಲಿ ಒಂದು ಪೆಟ್ಟು, ಆಮೇಲೆ ಕಿರುಬೆರಳು, ಉಂಗುರದ ಬೆರಳು, ನಡುಬೆರಳು. ಅಲ್ಲಿಗೆ ನಾಲ್ಕು. ಮತ್ತೆ ಪೆಟ್ಟು, ಹುಸಿ, ಪೆಟ್ಟು, ಹುಸಿ. ಹುಸಿ ಅಂದರೆ ಅಂಗೈ ಮೇಲೆ ಮಾಡಿ ಕೈ ತಿರುಗಿಸುವುದು. ಪೆಟ್ಟು ಮೂರಿದ್ದರೂ ಬೆರಳು ಬರುವುದು ಮೊದಲನೆಯದರ ಹಿಂದೆ ಮಾತ್ರ. ವೇದಿಕೆಯಲ್ಲಿ ಕಿರುಬೆರಳು ಕಂಡರೆ ಅದು ಎರಡು. ಅಲ್ಲಿಂದ ನೀವೂ ಸೇರಿಕೊಳ್ಳಿ. ನಿಧಾನದ ಕೃತಿಯಲ್ಲಿ ಪ್ರತಿ ಪೆಟ್ಟನ್ನೂ ಬೆರಳನ್ನೂ ಎರಡೆರಡು ಸಲ ಹಾಕುತ್ತಾರೆ, ಆಗ ಗಾಬರಿ ಬೇಡ. ಅದು ಎರಡು ಕಳೆ, ತಾಳ ಅದೇ.

ಇನ್ನೊಂದು ಬಲೆ ಇದೆ. ಮೃದಂಗದವರು ಒಂದೇ ಪಾಠವನ್ನು ಮೂರು ಸಲ ಬಾರಿಸಿ ಮುಗಿಸುತ್ತಾರಲ್ಲ, ಆ ತೀರ್ಮಾನ ಬಂದು ಸೇರುವ ಜಾಗ ಎಷ್ಟೋ ಸಲ ಎಡುಪೇ ಆಗಿರುತ್ತದೆ. ಅದನ್ನೇ ಮೊದಲ ಪೆಟ್ಟು ಅಂದುಕೊಂಡರೆ ಮತ್ತೆ ಅದೇ ಪಾಡು.

ಪದಗಂಟು:

ಸಂಗೀತ ನನಗೆ ಅಷ್ಟಕ್ಕಷ್ಟೇ, ಪದದ ಬಗ್ಗೆ ಹೇಳುತ್ತೇನೆ. ಸಂಸ್ಕೃತದ ‘ರಾಗ’ಕ್ಕೆ ಮೂಲದಲ್ಲಿ ಬಣ್ಣ ಹಿಡಿಯುವ ಅರ್ಥ. ಅನುರಾಗ, ವಿರಾಗ ಎಲ್ಲ ಅದೇ ಬಳ್ಳಿ. ಕನ್ನಡದ ಮಾತಿನಲ್ಲಿ ಮಾತ್ರ ಅದು ಬೇರೆ ಕಡೆ ಹೋಗಿದೆ. ‘ಮಗು ರಾಗ ತೆಗೆಯಿತು’, ‘ರಾಗ ಎಳೀಬೇಡ, ವಿಷಯ ಹೇಳು’. ಇಲ್ಲಿ ಸ್ವರವೂ ಇಲ್ಲ, ಧಾಟಿಯೂ ಇಲ್ಲ, ದನಿಯನ್ನು ಉದ್ದ ಮಾಡುವುದಷ್ಟೇ ಉಳಿದಿದೆ. ಎಣಿಕೆಯ ಹಂಗಿಲ್ಲದ ಆಲಾಪನೆ ಹೊರಗಿನವರ ಕಿವಿಗೆ ಹಾಗೆ ಕೇಳಿಸಿರಬೇಕು ಅನ್ನುವುದು ನನ್ನ ಊಹೆ. ‘ತಾಳ’ ಅಷ್ಟು ದೂರ ಹೋಗಿಲ್ಲ. ‘ಅವನು ಹೇಳಿದ್ದಕ್ಕೆಲ್ಲ ಇವನು ತಾಳ ಹಾಕುತ್ತಾನೆ’ ಅಂದಾಗ ಹಾಡು ಇನ್ನೊಬ್ಬನದು, ಎಣಿಕೆ ಇವನದು.

ಹೊಸಕಿವಿಯವರ ಗೊಂದಲಕ್ಕೆ ನಿಜವಾದ ಕಾರಣ ‘ರಾಗ ಸಂಯೋಜನೆ’ ಅನ್ನುವ ಮಾತು. ಭಾವಗೀತೆಯವರು ಕವಿತೆಗೆ ಧಾಟಿ ಕೂಡಿಸುವುದಕ್ಕೆ ಹಾಗನ್ನುತ್ತಾರೆ. ಅಲ್ಲಿ ಯಾರೂ ರಾಗ ಸಂಯೋಜಿಸುವುದಿಲ್ಲ. ‘ಮಟ್ಟು’ ಅನ್ನುವ ಒಳ್ಳೇ ಕನ್ನಡ ಪದ ಇರುವಾಗ ಅದನ್ನೇ ಬಳಸಬಾರದೇಕೆ?

ಗಾನಪ್ರಿಯ:

ಆರಭಿ ವಿಷಯ ಒಪ್ಪಿದೆ. ಮಟ್ಟು ಒಪ್ಪಲ್ಲ. ‘ಈ ಹಾಡಿನ ಮಟ್ಟು ಚೆನ್ನಾಗಿದೆ’ ಅಂದರೆ ಜನ ಗುಣಮಟ್ಟ ಅಂದುಕೊಳ್ಳುತ್ತಾರೆ. ಧಾಟಿ ಸಾಕು.

ತಂಬೂರಿ:

ಧಾಟಿಗೂ ತೊಂದರೆ ಇದೆ, ‘ಮಾತಿನ ಧಾಟಿ’ ಅಂತಲೂ ಅನ್ನುತ್ತೇವಲ್ಲ. ನಾನಂತೂ ಇಬ್ಬರ ಮಧ್ಯೆ ಬರಲ್ಲ.

ಕಂಚುಗಾರ:

ಎಲ್ಲ ಓದಿದೆ, ಚೆನ್ನಾಗಿದೆ. ಆದರೆ ಸೀಳಿದ ತಾಳದ ಬಗ್ಗೆ ಯಾರೂ ಏನೂ ಹೇಳಲಿಲ್ಲ.