ಎಫ್‌ಡಿ ಬಡ್ಡಿಯಲ್ಲಿ ಹಣದುಬ್ಬರ ಕಳೆದರೆ ಸಾಕಾ? ಗೊತ್ತಿದ್ದವರು ಹೇಳಿ

ಹಾಸನದ ಹುಡುಗ
ಅಪ್ಪ ರಿಟೈರ್ ಆದರು. 20 ಲಕ್ಷ ಎಫ್‌ಡಿ ಇಡೋಣ ಅಂತಿದ್ದೇವೆ, ಬಡ್ಡಿ 7.5%. ಹಣದುಬ್ಬರ 6% ಅಂತ ಹಿಡಿದರೆ ನಿಜವಾಗಿ ಉಳಿಯೋದು 1.5% ತಾನೇ? ಅಕ್ಕ ಹೇಳ್ತಾಳೆ, ಕಳೆಯೋದಲ್ಲ, ಭಾಗಿಸಬೇಕು ಅಂತ. ಯಾಕೆ? ಎಷ್ಟು ವ್ಯತ್ಯಾಸ ಆಗುತ್ತೆ?

ಅಕ್ಕಿಮೂಟೆ
ನಿಮ್ಮ ಅಕ್ಕ ಹೇಳಿದ್ದೇ ಸರಿ. ಶೇಕಡಾ ಪಕ್ಕಕ್ಕಿಟ್ಟು ಅಕ್ಕಿಯಲ್ಲಿ ಲೆಕ್ಕ ಹಾಕಿ, ತಕ್ಷಣ ಗೊತ್ತಾಗುತ್ತೆ. ಇವತ್ತು ಕೆಜಿಗೆ 50 ರೂಪಾಯಿ ಅಂದರೆ ಒಂದು ಲಕ್ಷಕ್ಕೆ 2000 ಕೆಜಿ ಬರುತ್ತೆ. ವರ್ಷ ಕಳೆದ ಮೇಲೆ ಕೈಯಲ್ಲಿ 1,07,500 ಇರುತ್ತೆ, ಆದರೆ ಅಕ್ಕಿ 53 ಆಗಿರುತ್ತೆ. ಅದೇ 2000 ಕೆಜಿ ಕೊಳ್ಳೋಕೆ 1,06,000 ಹೋಯಿತು, ಮಿಕ್ಕಿದ್ದು 1500 ರೂಪಾಯಿ. ನೀವು 1.5% ಅಂದಿದ್ದು ಈ 1500ನ್ನೇ. ಅದರಲ್ಲಿ 30 ಕೆಜಿ ಬರುತ್ತೆ ಅಂತ ನಿಮ್ಮ ಲೆಕ್ಕ. ಬರೋದು 28.3 ಕೆಜಿ, ಯಾಕೆಂದರೆ ಆ 1500ನ್ನೂ 53ರ ದರದಲ್ಲೇ ಖರ್ಚು ಮಾಡಬೇಕು. ಅಸಲಿನ ಬೆಲೆ ಕರಗಿದ ಹಾಗೆ ಲಾಭದ ಬೆಲೆಯೂ ಕರಗಿರುತ್ತೆ. ಕಳೆಯುವ ಲೆಕ್ಕ ಅಸಲಿಗೆ ಮಾತ್ರ ಹಣದುಬ್ಬರ ಹಾಕಿ ಲಾಭವನ್ನು ಮರೆತುಬಿಡುತ್ತೆ.

1.075ನ್ನು 1.06ರಿಂದ ಭಾಗಿಸಿ 1 ಕಳೆಯಿರಿ: 1.415% ಬರುತ್ತೆ. 1.5ನ್ನೇ 1.06ರಿಂದ ಭಾಗಿಸಿದರೂ ಅದೇ ಉತ್ತರ. 20 ಲಕ್ಷಕ್ಕೆ ಮೊದಲ ವರ್ಷ 30,000 ಅಲ್ಲ, ಇವತ್ತಿನ ರೂಪಾಯಿಯಲ್ಲಿ 28,302.

ಠೇವಣಿದಾರ
ವರ್ಷಕ್ಕೆ 1,698 ರೂಪಾಯಿ ವ್ಯತ್ಯಾಸಕ್ಕೆ ಇಷ್ಟೊಂದು ಪಾಠ ಬೇಕಾ ಸರ್? ನಿಜವಾದ ಹೊಡೆತ ತೆರಿಗೆ. ನಾನು 30% ಸ್ಲ್ಯಾಬಿನವನು, ಸೆಸ್ ಸೇರಿ 31.2. ನಿಮ್ಮ 1.415ರಲ್ಲಿ 31.2% ತೆಗೆದರೆ ಉಳಿಯೋದು 0.97. ಆ ತೆರಿಗೆಯನ್ನೂ ಬ್ಯಾಂಕಿನವರು ಮೊದಲು ಟಿಡಿಎಸ್ ಅಂತ 10% ಹಿಡಿದು, ಉಳಿದದ್ದನ್ನು ರಿಟರ್ನ್ಸ್ ತುಂಬುವಾಗ ನಾವೇ ಕಟ್ಟಬೇಕು. ಮೂರು ಬ್ಯಾಂಕಲ್ಲಿ ಎಫ್‌ಡಿ ಇದ್ದರೆ ಮೂರು ಕಡೆಯ ಬಡ್ಡಿ ಸರ್ಟಿಫಿಕೇಟು ತರಿಸಿ ತೆರಿಗೆ ಇಲಾಖೆಯ ಟಿಡಿಎಸ್ ಪಟ್ಟಿ ಜೊತೆ ಹೊಂದಿಸಬೇಕು. ಅಷ್ಟೆಲ್ಲಾ ಮಾಡಿದ ಮೇಲೆ ಸಿಗೋದು ಒಂದು ಪರ್ಸೆಂಟೂ ಅಲ್ಲ.

ಅಕ್ಕಿಮೂಟೆ
ಒಂದು ಪರ್ಸೆಂಟ್ ಇರಲಿ, ನಿಮಗೆ ಏನೂ ಸಿಗಲ್ಲ ಸರ್, ನಷ್ಟವೇ. ತೆರಿಗೆ ಇಲಾಖೆ 1.415ರ ಮೇಲೆ ತೆರಿಗೆ ಹಾಕಲ್ಲ, ಪೂರ್ತಿ 7.5ರ ಮೇಲೆ ಹಾಕುತ್ತೆ. ಹಣದುಬ್ಬರ ಸರಿದೂಗಿಸೋಕೆ ಬಂದ 6 ರೂಪಾಯಿಯೂ ಅವರ ಲೆಕ್ಕದಲ್ಲಿ ಆದಾಯವೇ. ಹಾಗಾಗಿ ಮೊದಲು ತೆರಿಗೆ ತೆಗೆಯಬೇಕು, ಆಮೇಲೆ ಭಾಗಿಸಬೇಕು. 20 ಲಕ್ಷಕ್ಕೆ ಬಡ್ಡಿ 1,50,000, ತೆರಿಗೆ 46,800, ಉಳಿದದ್ದು 1,03,200. ಒಟ್ಟು 21,03,200ನ್ನು 1.06ರಿಂದ ಭಾಗಿಸಿದರೆ 19,84,151. ಅಂದರೆ ಇವತ್ತಿನ ಬೆಲೆಯಲ್ಲಿ 15,849 ಕಳೆದುಕೊಂಡಿರಿ. ನೀವು +0.97 ಅಂದಿದ್ದು ನಿಜಕ್ಕೆ −0.79.

ಠೇವಣಿದಾರ
ಕ್ರಮ ತಪ್ಪಿತ್ತು, ಒಪ್ಪಿದೆ. ಆದರೆ ನಾನು ಹೇಳಿದ್ದೂ ಅದೇ ಅಲ್ಲವಾ, ಕಳೆಯೋದಾ ಭಾಗಿಸೋದಾ ಅನ್ನೋದಕ್ಕಿಂತ ತೆರಿಗೆ ದೊಡ್ಡದು ಅಂತ?

ಮಲ್ಲೇಶ್ವರಂ ಮೇಡಂ
ಕೇಳಿದ ಹುಡುಗನ ಅಪ್ಪನನ್ನು ಇಬ್ಬರೂ ಮರೆತಿರಿ. ಹೊಸ ತೆರಿಗೆ ಪದ್ಧತಿಯಲ್ಲಿ 2025-26ರಿಂದ 12 ಲಕ್ಷದವರೆಗಿನ ಆದಾಯಕ್ಕೆ ರಿಬೇಟ್ ಇದೆ. ಪಿಂಚಣಿ, ಬಡ್ಡಿ ಸೇರಿ ಅದರೊಳಗಿದ್ದರೆ ಅವರಿಗೆ ತೆರಿಗೆಯೇ ಇಲ್ಲ, 1.415 ಹಾಗೇ ನಿಲ್ಲುತ್ತೆ. ಹಿರಿಯ ನಾಗರಿಕರಾಗಿದ್ದು ಒಂದು ಬ್ಯಾಂಕಿನ ಬಡ್ಡಿ ವರ್ಷಕ್ಕೆ 1 ಲಕ್ಷ ದಾಟಿದರೆ ಟಿಡಿಎಸ್ ಹಿಡೀತಾರೆ. ಇವರದ್ದು ಒಂದೂವರೆ ಲಕ್ಷ, ದಾಟುತ್ತೆ. ಏಪ್ರಿಲ್‌ನಲ್ಲೇ ತೆರಿಗೆ ಹಿಡಿಯಬೇಡಿ ಅಂತ ಬ್ಯಾಂಕಿಗೆ ಘೋಷಣಾ ಪತ್ರ ಕೊಡಿ.

ಪೇಟೆ ರಾಯರು
ಭಾಗಿಸಬೇಕು ಅನ್ನೋರಿಗೆ ಒಂದು ಪ್ರಶ್ನೆ. 2013ರ ಡಿಸೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಹಣದುಬ್ಬರಕ್ಕೆ ಜೋಡಿಸಿದ ಉಳಿತಾಯ ಪತ್ರ ತಂದಿತ್ತು. ಹತ್ತು ವರ್ಷದ್ದು. ವರ್ಷಕ್ಕೆ 1.5% ಖಾಯಂ, ಅದರ ಮೇಲೆ ಗ್ರಾಹಕ ಬೆಲೆ ಸೂಚ್ಯಂಕದ ಏರಿಕೆ, ಆರು ತಿಂಗಳಿಗೊಮ್ಮೆ ಅಸಲಿಗೆ ಸೇರ್ಪಡೆ. ಆರು ತಿಂಗಳಲ್ಲಿ ಬೆಲೆ 5% ಏರಿದರೆ 0.75 ಕೂಡಿಸಿ 5.75 ಕೊಡ್ತಿದ್ದರು. ಕೂಡಿಸಿದ್ದು! ಕೂಡಿಸಿ ಕೊಟ್ಟದ್ದನ್ನು ಕಳೆದು ನೋಡೋದು ತಪ್ಪಾ? ರಿಸರ್ವ್ ಬ್ಯಾಂಕಿಗಿಂತ ನೀವು ಬುದ್ಧಿವಂತರಾ?

ಅಕ್ಕಿಮೂಟೆ
ಬುದ್ಧಿವಂತಿಕೆ ಮಾತು ಬೇಡ ರಾಯರೇ. ಕೂಡಿಸೋದು ಅವರು ಬಡ್ಡಿ ಕೊಡೋಕೆ ಮಾಡಿಕೊಂಡ ನಿಯಮ. ಆ ನಿಯಮದಿಂದ ಕೊಳ್ಳುವ ಶಕ್ತಿ ಎಷ್ಟು ಹೆಚ್ಚಿತು ಅನ್ನೋದು ಬೇರೆ ಪ್ರಶ್ನೆ. ಒಂದು ಲಕ್ಷ 1,05,750 ಆಯಿತು, ಒಂದು ಲಕ್ಷದ ಸಾಮಾನು 1,05,000 ಆಯಿತು. ಮಿಕ್ಕ 750ಕ್ಕೆ ಹಳೇ ಬೆಲೆಯಲ್ಲಿ 714 ರೂಪಾಯಿಯ ಸಾಮಾನು ಮಾತ್ರ ಬರುತ್ತೆ. ಅರ್ಧ ವರ್ಷಕ್ಕೆ 0.75 ಅಲ್ಲ, 0.714. ಬೆಲೆ ಏರಿದಷ್ಟೂ ಆ ಖಾಯಂ 1.5 ಸವೀತಾ ಹೋಗುತ್ತೆ.

ಎಡಿಸನ್ ಕನ್ನಡಿಗ
ಇಲ್ಲಿ ಅಮೆರಿಕದಲ್ಲಿ ಖಜಾನೆಯವರು ಐ ಬಾಂಡ್ ಅನ್ನೋ ಹಣದುಬ್ಬರಕ್ಕೆ ಜೋಡಿಸಿದ ಉಳಿತಾಯ ಪತ್ರದ ದರ ಹೇಳುವಾಗ ಆ ಸವೆತವನ್ನೂ ತುಂಬಿ ಕೊಡ್ತಾರೆ. ಖಾಯಂ ದರ, ಆರು ತಿಂಗಳ ಹಣದುಬ್ಬರದ ಎರಡರಷ್ಟು, ಮೂರನೆಯದಾಗಿ ಖಾಯಂ ದರವನ್ನು ಆರು ತಿಂಗಳ ಹಣದುಬ್ಬರದಿಂದ ಗುಣಿಸಿದ್ದು, ಈ ಮೂರೂ ಕೂಡುತ್ತವೆ. 2023ರ ನವೆಂಬರ್‌ನಲ್ಲಿ ಖಾಯಂ 1.30%, ಆರು ತಿಂಗಳದ್ದು 1.97% ಇತ್ತು. ಬರೀ ಕೂಡಿಸಿದರೆ 5.24 ಆಗಬೇಕು, ಘೋಷಿಸಿದ್ದು 5.27. ಆ 0.03 ಬಂದಿದ್ದು ಗುಣಾಕಾರದಿಂದ. ಲಾಭಕ್ಕೂ ಹಣದುಬ್ಬರ ತಟ್ಟುತ್ತೆ ಅಂತ ಒಪ್ಪಿಕೊಂಡೇ ಆ ಸೂತ್ರ ಬರೆದಿದ್ದಾರೆ.

ಪೇಟೆ ರಾಯರು
ಅಮೆರಿಕದ ಲೆಕ್ಕ ಹಾಸನದ ಅಪ್ಪನಿಗೆ ಯಾಕೆ? 0.03ಕ್ಕೆ ಯಾರಾದರೂ ನಿರ್ಧಾರ ಬದಲಿಸ್ತಾರಾ?

ಸೈಟು ಮುಖ್ಯ
ಎಫ್‌ಡಿನೇ ಬೇಡ. ಸೈಟು ತಗೊಳ್ಳಿ. 10 ಲಕ್ಷಕ್ಕೆ ತಗೊಂಡಿದ್ದು 15 ವರ್ಷಕ್ಕೆ 30 ಲಕ್ಷಕ್ಕೆ ಹೋಯಿತು, 200% ಲಾಭ. ನೀವು ಹೇಳುವ 6% ಪ್ರಕಾರ ಬೆಲೆಗಳು 15 ವರ್ಷದಲ್ಲಿ 140% ಏರುತ್ತವೆ. ಅದನ್ನು ಕಳೆದರೂ 60% ಶುದ್ಧ ಲಾಭ. ಯಾವ ಬ್ಯಾಂಕ್ ಕೊಡುತ್ತೆ?

ಅಕ್ಕಿಮೂಟೆ
ರಾಯರೇ, ಸಣ್ಣ ವ್ಯತ್ಯಾಸ ಅಂತ ಸುಮ್ಮನಿದ್ದರೆ ಎಲ್ಲಿಗೆ ಬರುತ್ತೆ ಅಂತ ಇಲ್ಲಿ ನೋಡಿ. ಹಣ ಮೂರು ಪಟ್ಟಾಯಿತು, ಬೆಲೆ 2.4 ಪಟ್ಟಾಯಿತು. 3ನ್ನು 2.4ರಿಂದ ಭಾಗಿಸಿದರೆ 1.25. ಕೊಂಡ ಕಾಲದ ರೂಪಾಯಿಯಲ್ಲಿ ಆ 30 ಲಕ್ಷ ಅಂದರೆ ಹನ್ನೆರಡೂವರೆ ಲಕ್ಷ. ಲಾಭ 25%, ಅರವತ್ತಲ್ಲ. ಒಂದು ವರ್ಷದ ದರಗಳನ್ನು ಕಳೆದರೆ ತಪ್ಪು ಸಣ್ಣದು. ಹದಿನೈದು ವರ್ಷದ ಒಟ್ಟು ಶೇಕಡಾಗಳನ್ನು ಕಳೆದರೆ ಉತ್ತರ ಎರಡು ಪಟ್ಟಿಗೂ ಮೀರಿ ಕೆಡುತ್ತೆ. ವರ್ಷಕ್ಕೆ ಇಳಿಸಿ ನೋಡಿದರೆ ನಿಮ್ಮ ಸೈಟು 7.6% ಕೊಟ್ಟಿದೆ, ಹಣದುಬ್ಬರ ತೆಗೆದರೆ ಸುಮಾರು 1.5%. ಈ ಎಫ್‌ಡಿಯ ಹತ್ತಿರ ಹತ್ತಿರವೇ, ಅದೂ ನೋಂದಣಿ, ಬೇಲಿ, ಕಂದಾಯ ಯಾವುದನ್ನೂ ಹಿಡಿಯದೆ.

ಸೈಟು ಮುಖ್ಯ
ಕಾಗದದ ಮೇಲೆ ಏನು ಬೇಕಾದರೂ ತೋರಿಸಬಹುದು. ಮಗಳ ಮದುವೆಗೆ ಕೈಗೆ ಬಂದಿದ್ದು 30 ಲಕ್ಷ, ಹನ್ನೆರಡೂವರೆ ಅಲ್ಲ.

ಮಲ್ಲೇಶ್ವರಂ ಮೇಡಂ
ಮದುವೆ ಛತ್ರದ ಬಾಡಿಗೆಯೂ 15 ವರ್ಷದ ಹಿಂದಿನದ್ದಾಗಿತ್ತಾ ಸರ್?

ಶೀಟು ತೆರೆದವನು
ಲೆಕ್ಕ ಹಾಕುವವರು ಎಕ್ಸೆಲ್‌ನಲ್ಲಿ ಹೀಗೆ ಬರೆಯಿರಿ. B1ರಲ್ಲಿ ಬಡ್ಡಿ, B2ರಲ್ಲಿ ಹಣದುಬ್ಬರ.

```
=(1+B1)/(1+B2)-1
```

ಎರಡೂ ಕಡೆ ಶೇಕಡಾ ಚಿಹ್ನೆ ಹಾಕಲೇಬೇಕು. ಬರೀ 7.5 ಮತ್ತು 6 ಅಂತ ತುಂಬಿದರೆ ಅದು 8.5ನ್ನು 7ರಿಂದ ಭಾಗಿಸಿ 21% ಲಾಭ ತೋರಿಸುತ್ತೆ. ನೋಡಿದ ಕೂಡಲೇ ತಪ್ಪು ಗೊತ್ತಾಗುತ್ತೆ ಅನ್ನಬೇಡಿ, ಒಳಗಿನ ಸೆಲ್‌ನಲ್ಲಿ ಅಡಗಿದ್ದರೆ ಗೊತ್ತಾಗಲ್ಲ.

ಇನ್ನೊಂದು ವಿಷಯ ಇಲ್ಲಿ ಯಾರೂ ಎತ್ತಲಿಲ್ಲ. ಬ್ಯಾಂಕಿನ 7.5 ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಚಕ್ರಬಡ್ಡಿ ಆಗುತ್ತೆ. ಬಡ್ಡಿ ತೆಗೆಯದೆ ಅಲ್ಲೇ ಬಿಟ್ಟರೆ ವರ್ಷಕ್ಕೆ 7.71 ಆಗುತ್ತೆ. 1.07714ನ್ನು 1.06ರಿಂದ ಭಾಗಿಸಿದರೆ 1.62%. ಹಣದುಬ್ಬರದ 6 ವರ್ಷದ ದರ, ಹಾಗಾಗಿ ಬಡ್ಡಿಯನ್ನೂ ವರ್ಷದ ದರಕ್ಕೆ ತಂದುಕೊಂಡೇ ಭಾಗಿಸಬೇಕು. ಭಾಗಿಸದೆ ಕಳೆದದ್ದಕ್ಕೆ ಆದ ತಪ್ಪು 0.085. ಇದನ್ನು ಮರೆತದ್ದಕ್ಕೆ ಆಗುವ ತಪ್ಪು 0.2, ಅದೂ ಉಲ್ಟಾ ದಿಕ್ಕಿನಲ್ಲಿ.

ಅಕ್ಕಿಮೂಟೆ
ಇದು ನನ್ನ ಲೆಕ್ಕದಲ್ಲಿ ಬಿಟ್ಟುಹೋಗಿತ್ತು, ಸರಿ. ಆದರೆ ರಿಟೈರ್ ಆದವರು ಬಡ್ಡಿಯನ್ನು ಮನೆ ಖರ್ಚಿಗೆ ತೆಗೀತಾರೆ. ತೆಗೆದರೆ ಚಕ್ರಬಡ್ಡಿ ಇಲ್ಲ, ಅಸಲು 20 ಲಕ್ಷವಾಗಿಯೇ ಉಳಿದು ವರ್ಷ ವರ್ಷ ಸುಮಾರು 5.7% ಕರಗುತ್ತೆ. ಕೊಳ್ಳುವ ಶಕ್ತಿ ಹಾಗೇ ಇರಬೇಕಾದರೆ 1.5 ಲಕ್ಷ ಬಡ್ಡಿಯಲ್ಲಿ 1.2 ಲಕ್ಷ ಮತ್ತೆ ಅಸಲಿಗೇ ಸೇರಬೇಕು. ತಿನ್ನಬಹುದಾದದ್ದು 30,000. ಅದೂ ವರ್ಷದ ಕೊನೆಯ ರೂಪಾಯಿಯಲ್ಲಿ.

ಹಾಸನದ ಹುಡುಗ
ವರ್ಷಕ್ಕೆ 30,000 ಮಾತ್ರವಾ? ಅಪ್ಪ ತಿಂಗಳಿಗೆ 12,500 ಬರುತ್ತೆ ಅಂತ ಲೆಕ್ಕ ಹಾಕಿದ್ದಾರೆ. 6% ಅಂತ ನಾನೇ ಊಹೆ ಮೇಲೆ ಹಿಡಿದಿದ್ದು. ಯಾವ ಸಂಖ್ಯೆ ಹಿಡೀಬೇಕು?

ಪೇಟೆ ರಾಯರು
ಅಸಲಿ ಪ್ರಶ್ನೆ ಈಗ ಬಂತು. 2024-25ರ ಸರಾಸರಿ ಚಿಲ್ಲರೆ ಹಣದುಬ್ಬರ 4.6%, ರಿಸರ್ವ್ ಬ್ಯಾಂಕಿನ ಗುರಿ 4. 4.6 ಹಿಡಿದು ಭಾಗಿಸಿದರೂ 2.77% ಬರುತ್ತೆ. ಊಹೆಯಲ್ಲೇ ಇಷ್ಟು ಅಂತರ ಇರುವಾಗ 0.085ಕ್ಕೆ ಜಗಳ ಆಡಿದ್ದು ಯಾತಕ್ಕೆ?

ಮಲ್ಲೇಶ್ವರಂ ಮೇಡಂ
4.6 ಅನ್ನೋದು ಆಗಿಹೋದ ವರ್ಷದ್ದು, ಎಫ್‌ಡಿ ಇಡೋದು ಬರುವ ವರ್ಷಗಳಿಗೆ. 2022-23ರಲ್ಲಿ ಅದೇ ಸರಾಸರಿ 6.7 ಇತ್ತು. ವಯಸ್ಸಾದವರ ಮನೆಯಲ್ಲಿ ಮಾತ್ರೆ, ಡಾಕ್ಟರ್ ಫೀಸಿನ ಪಾಲು ಸೂಚ್ಯಂಕದಲ್ಲಿ ಇರೋದಕ್ಕಿಂತ ಜಾಸ್ತಿ. ನಾನಾದರೆ 6 ಹಿಡೀತೀನಿ.

ಠೇವಣಿದಾರ
6 ಹಿಡಿದರೆ ನನ್ನ ಸ್ಲ್ಯಾಬಿನವರು ಯಾರೂ ಎಫ್‌ಡಿ ಇಡೋ ಹಾಗೇ ಇಲ್ಲ. 4.6ಕ್ಕೆ ನನಗೆ +0.54 ಬರುತ್ತೆ, 6ಕ್ಕೆ −0.79. ಒಂದೇ ಠೇವಣಿ, ಎರಡು ಉತ್ತರ.

ಅಕ್ಕಿಮೂಟೆ
ಹುಡುಗಾ, ಅಪ್ಪನ ಕಿರಾಣಿ ಚೀಟಿ, ಔಷಧಿ ಬಿಲ್ಲು, ಕರೆಂಟು ಬಿಲ್ಲು ಹೋದ ವರ್ಷದ್ದೂ ಈ ವರ್ಷದ್ದೂ ಇದ್ದರೆ ಒಟ್ಟು ಮಾಡಿ ಹಾಕು. ಅದೇ ಸಾಮಾನು, ಅಷ್ಟೇ ಪ್ರಮಾಣ ಇರಬೇಕು, ಇಲ್ಲದಿದ್ದರೆ ಖರ್ಚು ಹೆಚ್ಚಿದ್ದಾ ಬೆಲೆ ಹೆಚ್ಚಿದ್ದಾ ಗೊತ್ತಾಗಲ್ಲ.

ಪೇಟೆ ರಾಯರು
ಒಂದು ಮನೆಯ ಚೀಟಿ ಹಿಡಿದು ಹಣದುಬ್ಬರ ಲೆಕ್ಕ ಹಾಕೋದನ್ನು ನಾನಂತೂ ಒಪ್ಪಲ್ಲ.

ಹಾಸನದ ಹುಡುಗ
ಔಷಧಿ ಬಿಲ್ಲು ಎರಡೂ ವರ್ಷದ್ದಿದೆ, ಕಿರಾಣಿದು ಈ ವರ್ಷದ್ದು ಮಾತ್ರ. ಅಮ್ಮನ ಹಳೇ ಡೈರಿಯಲ್ಲಿ ಹುಡುಕಿ ನಾಳೆ ಹಾಕ್ತೀನಿ.