ದೊಡ್ಡ ಬ್ರ್ಯಾಂಡ್ ಪಕ್ಕದಲ್ಲಿ ನಮ್ಮ ಸ್ವಂತ ಲೇಬಲ್: ಬೆಲೆ ಎಷ್ಟು ಕಡಿಮೆ ಇರಬೇಕು?

ಪ್ರಶ್ನೆ (ಸೂಪರ್‌ಮಾರ್ಕೆಟ್ ಖರೀದಿ ವಿಭಾಗ): ಪಾತ್ರೆ ತೊಳೆಯುವ ಲಿಕ್ವಿಡ್ ನಮ್ಮದೇ ಲೇಬಲ್‌ನಲ್ಲಿ ತಂದಿದ್ದೇವೆ. ನಂಬರ್ ಒನ್ ಬ್ರ್ಯಾಂಡ್‌ನ ಬೆಲೆ 100 ಅಂದುಕೊಂಡರೆ ನಮ್ಮದು 60. ಆದರೂ ಜನ ಬ್ರ್ಯಾಂಡನ್ನೇ ಒಯ್ಯುತ್ತಾರೆ. ಇನ್ನೂ ಇಳಿಸಬೇಕಾ?

ಸ್ಟೋರ್ ಸೂಪರ್‌ವೈಸರ್: ಬೆಲೆ ಬಿಡಿ, ಜಾಗ ನೋಡಿ. ಕಣ್ಣಿನ ಮಟ್ಟದಲ್ಲಿ, ಬ್ರ್ಯಾಂಡ್‌ನ ಬಲಪಕ್ಕಕ್ಕೆ ಇಡಿ. ಬಾಟಲಿಯೂ ಅದರ ಹಾಗೇ ಇದ್ದರೆ ಕೈ ತಾನಾಗಿ ಹೋಗುತ್ತದೆ.

ಪ್ರೈವೇಟ್ ಲೇಬಲ್ ಸಲಹೆಗಾರ್ತಿ: ಜಾಗದ ಮಾತು ಸರಿ, ಅಳತೆಯೂ ಒಂದೇ ಇರಲಿ. ಅವರದು 500 ಮಿಲಿ, ನಿಮ್ಮದು 750 ಆದರೆ ನಿಂತಲ್ಲೇ ಲೆಕ್ಕ ಹಾಕಿ ಹೋಲಿಸುವವರು ಕಡಿಮೆ. ಆದರೆ ಅವರ ಬಾಟಲಿಯ ನಕಲು ಬೇಡ. ವಕೀಲರ ನೋಟಿಸ್ ಬರಬಹುದು. ಮೋಸ ಹೋದೆ ಅಂದುಕೊಂಡ ಗ್ರಾಹಕರು ನಿಮ್ಮ ಲೇಬಲ್‌ನ ಬೇರೆ ಸರಕನ್ನೂ ಮುಟ್ಟುವುದಿಲ್ಲ.

60 ಅನ್ನೋದೇ ನನಗೆ ಜಾಸ್ತಿ ಇಳಿದ ಹಾಗೆ ಕಾಣುತ್ತದೆ. ಜಿಡ್ಡು ಹೋಗುತ್ತದೋ ಇಲ್ಲವೋ ಗೊತ್ತಾಗುವುದು ಮನೆಗೆ ಹೋದ ಮೇಲೆ. ಅಂಗಡಿಯಲ್ಲಿ ಬೆಲೆ ನೋಡಿಯೇ ಗುಣ ಊಹಿಸುತ್ತಾರೆ, ಅಲ್ವಾ? ಇನ್ನೊಂದು ಲೆಕ್ಕ ನೋಡಿ. ಬ್ರ್ಯಾಂಡ್‌ನಲ್ಲಿ ನಿಮಗೆ 20 ಶೇಕಡಾ ಮಾರ್ಜಿನ್ ಅಂದರೆ ಕೈಗೆ 20. ನಿಮ್ಮದರಲ್ಲಿ 30 ಶೇಕಡಾ ಇದ್ದರೂ 60ರ ಮೇಲೆ ಸಿಗುವುದು 18. ಗ್ರಾಹಕರು ನಿಮ್ಮ ಕಡೆ ಬಂದಷ್ಟೂ ನಷ್ಟ! ತಯಾರಿಕೆಯ ಖರ್ಚು 42 ಹಾಗೇ ಇದ್ದು 75ಕ್ಕೆ ಮಾರಿದರೆ 33 ಉಳಿಯುತ್ತದೆ. ಅದರಲ್ಲಿ ಸ್ವಲ್ಪ ಲಿಕ್ವಿಡ್ ಸುಧಾರಿಸಲು ಹಾಕಬಹುದು.

ಅದಕ್ಕೂ ಮೊದಲು ಲಾಯಲ್ಟಿ ಕಾರ್ಡ್‌ನ ಬಿಲ್‌ಗಳನ್ನು ತೆಗೆಸಿ. ಮೊದಲ ಸಲವೇ ಕೊಳ್ಳುತ್ತಿಲ್ಲವಾ, ಅಥವಾ ಒಮ್ಮೆ ಕೊಂಡವರು ಮತ್ತೆ ಬರುತ್ತಿಲ್ಲವಾ? ಮೊದಲನೆಯದಾದರೆ ಬೆಲೆ, ಬಾಟಲಿ, ಜಾಗ ನೋಡಿ. ಎರಡನೆಯದಾದರೆ ದೋಷ ಬಾಟಲಿಯ ಒಳಗಿದೆ.

ಸಣ್ಣ ತಯಾರಕ: ನನ್ನ ಸೋಪಿಗೂ ಇದೇ ಗತಿ. ಶೆಲ್ಫ್‌ನಲ್ಲಿ ಜಾಗವೇ ಕೊಡುವುದಿಲ್ಲ. 75 ಇಟ್ಟರೆ ಕೊಡುತ್ತಾರಾ?

ಸಲಹೆಗಾರ್ತಿ: ನಿಮ್ಮದು ನಿಮ್ಮ ಸ್ವಂತ ಬ್ರ್ಯಾಂಡ್, ಜಾಗಕ್ಕೆ ನೀವೇ ಹೋರಾಡಬೇಕು. ಇವರಿಗೆ ಶೆಲ್ಫ್ ಇವರದೇ. ಈ ಲೆಕ್ಕ ನಿಮಗೆ ಹೊಂದಲ್ಲ.

ಪ್ರಶ್ನೆ ಕೇಳಿದವರು: ಬಿಲ್ ನೋಡಿದೆವು. ಮೊದಲ ಸಲ ಕೊಂಡವರು ಕಡಿಮೆಯೇನಿಲ್ಲ. ಮತ್ತೆ ಕೊಂಡವರು ತೀರಾ ಕಡಿಮೆ.

ಸಲಹೆಗಾರ್ತಿ: ಹಾಗಾದರೆ ಬೆಲೆ ಮುಟ್ಟಬೇಡಿ. ಒಂದೇ ಅಳತೆಯ ಎಣ್ಣೆ ಸವರಿದ ತಟ್ಟೆಗಳನ್ನು ಜೋಡಿಸಿ. ಎರಡು ಲಿಕ್ವಿಡ್‌ಗಳನ್ನೂ ಅಷ್ಟಷ್ಟೇ ನೀರಿಗೆ ಸಮನಾಗಿ ಹಾಕಿ, ನೊರೆ ಸಾಯುವವರೆಗೆ ಯಾವುದರಲ್ಲಿ ಎಷ್ಟು ತಟ್ಟೆ ತೊಳೆಯಲಾಗುತ್ತದೆ ಎಣಿಸಿ. ತೊಳೆಯುವವರಿಗೆ ಯಾವುದು ಯಾವುದೆಂದು ಹೇಳಬೇಡಿ. ನಿಮ್ಮದು ಅರ್ಧಕ್ಕೇ ನಿಂತರೆ, ಮನೆಯಲ್ಲಿ ಎರಡು ಪಟ್ಟು ಸುರಿಯುತ್ತಿದ್ದಾರೆ. ಅವರಿಗೆ 60 ಅಗ್ಗವೇ ಅಲ್ಲ. ಮೊದಲು ತಯಾರಕರ ಹತ್ತಿರ ಫಾರ್ಮುಲಾ ಸರಿಮಾಡಿಸಿ, ಆಮೇಲೆ 75ಕ್ಕೆ ಏರಿಸಿ.

ಸ್ಟೋರ್ ಸೂಪರ್‌ವೈಸರ್: ಬ್ರ್ಯಾಂಡ್ 25 ಶೇಕಡಾ ಆಫರ್ ಹಾಕಿದರೆ ಎರಡೂ 75. ಆ ವಾರ ನಾವೂ ಇಳಿಸಲೇಬೇಕು.

ಸಲಹೆಗಾರ್ತಿ: ನಾನು ಇಳಿಸುವುದಿಲ್ಲ. ಆಫರ್ ಮುಗಿದ ಮೇಲೆ ನಿಮ್ಮ ಗ್ರಾಹಕರು ವಾಪಸ್ ಬರುತ್ತಾರಾ ನೋಡುತ್ತೇನೆ. ಆಫರ್ ತಿಂಗಳುಗಟ್ಟಲೆ ನಡೆದರೆ ಮಾತ್ರ ಮತ್ತೆ ಯೋಚಿಸುತ್ತೇನೆ.

ಸ್ಟೋರ್ ಸೂಪರ್‌ವೈಸರ್: ಆ ವಾರ ಹೋದ ಗ್ರಾಹಕ ಮನೆಯಲ್ಲಿ ಮೂರು ಬಾಟಲಿ ತುಂಬಿಟ್ಟಿರುತ್ತಾನೆ ಮೇಡಂ. ನಾನು ಇಳಿಸುತ್ತೇನೆ.